ಪಕ್ಕದ ಮೇಜು

ಇನ್ನೊಂದು ಕಟ್ಟಿಗೆ ಒಟ್ಟು ತಮ್ಮಾ, ಹೇಳ್ತೇನೆ. ಸೂಪಾ ಊರು ಅಣೆಕಟ್ಟಿನ ನೀರಲ್ಲಿ ಮುಳುಗಿ ತಾಲೂಕು ಕಚೇರಿಗಳು ಜೊಯಿಡಾಕ್ಕೆ ಬಂದವಲ್ಲ, ಅವತ್ತಿನಿಂದಲೂ ಇಲ್ಲಿಗೆ ಬರೋ ನೌಕರರು ಕಡಿಮೆ. ಹಾಗಾಗಿ ನನ್ನ ಮೇಲೆ ದೂರು ಕೊಟ್ಟವನನ್ನೂ ಬೇರೆ ಕಡೆ ಹಾಕಲಿಲ್ಲ, ನನ್ನನ್ನೂ ಹಾಕಲಿಲ್ಲ. ಮಾಡು ಸೋರುತ್ತಿತ್ತು ಅಂತ ಇಬ್ಬರ ಮೇಜೂ ತಾಗಿಸಿಟ್ಟಿದ್ದರು. ಅವನು ಬರೆಯುವಾಗ ನನ್ನ ಮೇಜು ಅಲ್ಲಾಡುತ್ತಿತ್ತು.

ಇಂಥ ತಾರೀಖು, ಬೆಳಿಗ್ಗೆ 11 ಗಂಟೆಗೆ, ಒಬ್ಬ ರೈತನ ಹತ್ತಿರ ನಾನು ದುಡ್ಡು ತೆಗೆದುಕೊಂಡದ್ದನ್ನು ಕಣ್ಣಾರೆ ಕಂಡೆ ಅಂತ ಅವನ ದೂರು. 1957ರ ಸಿಸಿಎ ನಿಯಮದಡಿ ದೋಷಾರೋಪಣಾ ಪಟ್ಟಿ ಬಂತು. ಸಿಟ್ಟಿನಲ್ಲಿ ಹತ್ತು ಪುಟ ಉತ್ತರ ಬರೆದೆ. ನನ್ನ ರಕ್ಷಣಾ ಸಹಾಯಕರಾಗಲು ಒಪ್ಪಿದ್ದ ಹಳಿಯಾಳದ ನೌಕರರೊಬ್ಬರು ಅದನ್ನು ಪಕ್ಕಕ್ಕಿಟ್ಟು, "ಮೊದಲು ಅನುಬಂಧ ಓದ್ರಿ" ಅಂದರು. ಸಾಕ್ಷಿಗಳ ಪಟ್ಟಿಯಲ್ಲಿ ರೈತನ ಹೆಸರೇ ಇರಲಿಲ್ಲ!

ರೈತನ ಮನೆ ನನಗೆ ಗೊತ್ತಿತ್ತು. ಹೋಗಲಿಲ್ಲ. ಹೋಗಿದ್ದರೆ ಸಾಕ್ಷಿ ತಿದ್ದಿದ ಅಂತ ಇನ್ನೊಂದು ಆರೋಪ ಅಂಟುತ್ತಿತ್ತು. ಪಕ್ಕದವನ ಜೊತೆ ಕೆಲಸದ ಮಾತಷ್ಟೇ, ಅದೂ ಮೂರನೆಯವರು ಇರುವಾಗ. ಫೈಲು ಕೊಟ್ಟರೆ ವಹಿಯಲ್ಲಿ ಸಹಿ. ಅವನು ಹೋಗುವ ಅಂಗಡಿಗೇ ಚಹಾಕ್ಕೂ ಹೋಗುತ್ತಿದ್ದೆ. ನಾನ್ಯಾಕೆ ಅಂಗಡಿ ಬಿಡಬೇಕು?

ಆ ದಿನ ನಾನಿದ್ದದ್ದು ಕಾರವಾರದಲ್ಲಿ, ಮುದ್ದಾಂ ಟಪಾಲು ಕೊಡಲು. ಹಾಜರಿ ಪುಸ್ತಕದಲ್ಲಿ ಓಓಡಿ ಅಂತ ಇತ್ತು, ಆಮೇಲೆ ಬರೆಸಿದ್ದು ಅಂದರು. ಕಾರವಾರದ ಕಚೇರಿಯ ಆವಕ ರಿಜಿಸ್ಟರ್ ತರಿಸಿ ಎಂದು ವಿಚಾರಣಾಧಿಕಾರಿಗೆ ಅರ್ಜಿ ಕೊಟ್ಟೆವು. ಬಂತು, ತಾರೀಖು ಸರಿಯಿತ್ತು, ಗಂಟೆ ಇರಲಿಲ್ಲ. "ಹನ್ನೊಂದರ ನಂತರ ಹೊರಟಿರಬಹುದಲ್ಲ?" ಅಂದರು ಮಂಡನಾಧಿಕಾರಿ. ಇಲಾಖಾ ವಿಚಾರಣೆ ಕ್ರಿಮಿನಲ್ ಕೇಸಿನ ಹಾಗಲ್ಲ ನೋಡು; ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕಿಲ್ಲ, ನಡೆದಿರುವ ಸಂಭವವೇ ಹೆಚ್ಚು ಅನಿಸಿದರೆ ಸಾಕು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಉಳಿಸಿದ್ದು ಬಸ್ ಟಿಕೆಟ್. ಕಂಡಕ್ಟರನ ಮಿಷನ್ನು ಅದರ ಮೇಲೆ ಗಂಟೆಯನ್ನೂ ಒತ್ತಿರುತ್ತದೆ. ಪ್ರವಾಸ ಭತ್ಯೆ ಬಿಲ್ಲಿಗೆ ಅಂಟಿಸಿದ್ದ ಮೂಲ ಟಿಕೆಟ್ಟಿನ ಅಕ್ಷರ ಮಾಸಿ ಬಿಳಿಚಿಕೊಂಡಿತ್ತು. ಆ ಕಾಗದದ ಹಣೆಬರಹವೇ ಅಷ್ಟು. ಪುಣ್ಯಕ್ಕೆ ಬಿಲ್ಲಿನ ಜೊತೆ ಜೆರಾಕ್ಸ್ ಇತ್ತು. ದೂರಿಗಿಂತ ಮೊದಲೇ ಪಾಸಾದ ಬಿಲ್ಲು, ಆಮೇಲೆ ಹುಟ್ಟಿಸಿದ್ದು ಅನ್ನುವಂತಿರಲಿಲ್ಲ.

ಪಾಟಿ ಸವಾಲಿನಲ್ಲಿ ಸಹಾಯಕರು ಅದನ್ನು ತಕ್ಷಣ ತೋರಿಸಲಿಲ್ಲ. "ಗಡಿಯಾರ ನೋಡಿದ್ದೀರಾ? ಹನ್ನೊಂದೇ ತಾನೇ?" ಅಂತ ಕೇಳಿದರು. ಪಕ್ಕದ ಮೇಜಿನವನು ಗಟ್ಟಿಯಾಗಿ ಹೌದು ಅಂದ, ಅದು ದಾಖಲಾಯಿತು. ಆಮೇಲೆ ಟಿಕೆಟ್ ಇಟ್ಟರು: ಬೆಳಿಗ್ಗೆ 7.40.

ಆರೋಪ ಸಾಬೀತಾಗಿಲ್ಲ ಅಂತ ವರದಿ ಬಂತು. ಮಾರನೆಯ ದಿನ ಅವನು ಏನೂ ಆಗದವನ ಹಾಗೆ ಒಂದು ಫೈಲು ನನ್ನ ಕಡೆ ದೂಡಿದ. ವಹಿ ತೆಗೆದು, ಸಹಿ ಮಾಡ್ರಿ ಅಂದೆ.