ಬೆರಳಸಂದಿಯ ಗೆರೆ

ಅಭ್ಯಾಸ ಬೋಧನೆಯ ಎರಡನೇ ವಾರದಲ್ಲಿ ನನ್ನ ಭಿನ್ನರಾಶಿ ಪಾಠವನ್ನು ವೀಕ್ಷಿಸಿದ ಸಹಪಾಠಿ, ಮೂರನೇ ಬೆಂಚಿನ ಹುಡುಗನೊಬ್ಬ ಪಾಠದುದ್ದಕ್ಕೂ ತೂಕಡಿಸುತ್ತಿದ್ದನೆಂದು ವೀಕ್ಷಣಾ ಪುಸ್ತಕದಲ್ಲಿ ಬರೆದಿದ್ದರು. ಪ್ರೇರಣೆ ಸಾಲದು ಎಂಬ ಷರಾ ಕೂಡ ಇತ್ತು. ಮರುದಿನ ನಾನು ಅವನನ್ನೇ ಗಮನಿಸುತ್ತಾ ಹೋದೆ. ಎಚ್ಚರವಿದ್ದಾಗಲೆಲ್ಲ ಅವನು ಎಡಗೈ ಬೆರಳುಗಳ ಸಂದಿಯನ್ನು ಬೆಂಚಿನ ಅಂಚಿಗೆ ಉಜ್ಜುತ್ತಿದ್ದ. ಊರಿನ ಕೆರೆ ಶಾಲೆಗೂ ಅವನ ಮನೆಗೂ ಹತ್ತಿರ. ಸೊಳ್ಳೆ ಕಾಟ, ಬಿಡಿ ಎಂದು ತರಗತಿಯ ಶಿಕ್ಷಕರು ಹೇಳಿದರು. ಹಾಗೆಂದರೂ ಅವನನ್ನು ಗೋಡೆಯ ಪಕ್ಕ ಒಂಟಿಯಾಗಿ ಕೂರಿಸಿದ್ದರು.

ಆದರೆ ಸೊಳ್ಳೆ ಕಚ್ಚುವುದು ತೆರೆದ ಚರ್ಮಕ್ಕೆ: ಮುಖ, ಮುಂಗೈ, ಮೊಣಕಾಲಿನ ಕೆಳಗೆ. ಕಚ್ಚಿದ ಕೆಲವೇ ನಿಮಿಷಗಳಲ್ಲಿ ಗಂಧೆ ಏಳುತ್ತದೆ, ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಚಿಗಟವಾದರೆ ಹೆಚ್ಚಾಗಿ ಪಾದದ ಗಂಟಿನ ಸುತ್ತ. ತಿಗಣೆಯದು ಬೆಳಿಗ್ಗೆ ಎದ್ದಾಗ ತೋಳಿನ ಮೇಲೋ ಕತ್ತಿನ ಮೇಲೋ ಮೂರು ನಾಲ್ಕು ಗಂಧೆ ಸಾಲಾಗಿ ಕಾಣುತ್ತದೆ. ಹಾಸಿಗೆಯ ಹೊಲಿಗೆಯಲ್ಲಿ ಹುಡುಕಿದರೆ ಕಪ್ಪು ಚುಕ್ಕೆಗಳೂ ಸಿಗುತ್ತವೆ. ಈ ಹುಡುಗನ ಮುಖ ಸ್ವಚ್ಛವಾಗಿತ್ತು, ಮೊಣಕಾಲಿನ ಕೆಳಗೂ ಏನಿರಲಿಲ್ಲ. ಗುಳ್ಳೆಗಳಿದ್ದದ್ದು ಬೆರಳುಗಳ ನಡುವೆ, ಮಣಿಕಟ್ಟಿನ ಒಳಬದಿಯಲ್ಲಿ ಮತ್ತು, ಅವನೇ ನಾಚುತ್ತಾ ಹೇಳಿದಂತೆ, ಚಡ್ಡಿಯ ಲಾಡಿ ಕಟ್ಟುವ ಕಡೆ ಸುತ್ತಲೂ. ಬಟ್ಟೆಯ ಒಳಗೆ, ಮಡಿಕೆಗಳಲ್ಲಿ, ಎರಡೂ ಬದಿಗೆ. ಸೊಳ್ಳೆ ಇಷ್ಟು ಹುಡುಕಿಕೊಂಡು ಹೋಗುವುದಿಲ್ಲ.

ತರಗತಿಯಲ್ಲಿ ಕಾಣುವುದು ಇಷ್ಟೇ. ಮುಖ್ಯ ಸಾಕ್ಷಿ ಇರುವುದು ರಾತ್ರಿಯಲ್ಲಿ ಮತ್ತು ಮನೆಯಲ್ಲಿ. ಆದ್ದರಿಂದ ತಮ್ಮನ ಹಾಜರಾತಿ ವಿಚಾರಿಸಲು ಬಂದ ಅವನ ತಾಯಿಯನ್ನು, ಬಿಸಿಯೂಟದ ಹೊತ್ತಿನಲ್ಲಿ ಬೇರೆಯಾಗಿ ಕೂರಿಸಿಕೊಂಡು ಮಾತಾಡಿಸಿದೆ. ಯಾವಾಗ ಹೆಚ್ಚು ಕೆರೆಯುತ್ತಾನೆ, ಮನೆಯಲ್ಲಿ ಇನ್ನು ಯಾರಿಗಿದೆ, ಮೊದಲು ಯಾರಿಗೆ ಬಂತು ಎಂದಷ್ಟೇ ಕೇಳಿದ್ದು.

"ಹಗಲು ಹೆಂಗೋ ಇರ್ತಾನೆ ಮಿಸ್. ದೀಪ ಆರಿಸಿ ಕಂಬಳಿ ಹೊದ್ದುಕೊಂಡ್ರೆ ಶುರುವಾಯ್ತು. ನಂಗೂ ಸೊಂಟದ ಸುತ್ತ ಇದೆ. ಮಗೂಗೆ ಅಂಗೈ ಅಂಗಾಲೆಲ್ಲ ಗುಳ್ಳೆ."

ದಸರಾ ರಜೆಗೆ ಹಾಸ್ಟೆಲಿನಿಂದ ಬಂದ ದೊಡ್ಡ ಮಗ ಕೆರೆದುಕೊಳ್ಳುತ್ತಿದ್ದನಂತೆ. ಒಂದೇ ಚಾಪೆಯ ಮೇಲೆ ಅಣ್ಣ ತಮ್ಮಂದಿರು ಒಂದೇ ಕಂಬಳಿ ಹೊದ್ದು ಮಲಗಿದ್ದರು. ತಮ್ಮನಿಗೆ ತುರಿಕೆ ಶುರುವಾದದ್ದು ಸುಮಾರು ಒಂದು ತಿಂಗಳ ನಂತರ, ದೀಪಾವಳಿಯೂ ಕಳೆದ ಮೇಲೆ. ಈ ಅಂತರವೇ ಮನೆಯವರ ದಾರಿ ತಪ್ಪಿಸಿತ್ತು. ಅಣ್ಣನಿಂದ ಬಂದಿದ್ದರೆ ಆಗಲೇ ಬರಬೇಕಿತ್ತಲ್ಲ ಎಂಬುದು ಅವರ ತರ್ಕ. ಕಜ್ಜಿಯ ನಡೆ ಹಾಗಲ್ಲ. ಅರ್ಧ ಮಿಲಿಮೀಟರಿಗಿಂತ ಚಿಕ್ಕದಾದ ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆಯುತ್ತಾ ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತಾ ಹೋಗುತ್ತದೆ. ನವೆ ಬರುವುದು ಕೊರೆತದಿಂದಲ್ಲ. ನುಸಿ, ಅದರ ಮೊಟ್ಟೆ, ಹಿಕ್ಕೆಗಳಿಗೆ ದೇಹ ಒಗ್ಗದೆ ತಿರುಗಿಬೀಳುವುದರಿಂದ. ಮೊದಲ ಸಲ ಹತ್ತಿದವರಲ್ಲಿ ಅದಕ್ಕೆ ಎರಡರಿಂದ ಆರು ವಾರ ಹಿಡಿಯುತ್ತದೆ. ಆ ಅವಧಿಯಲ್ಲಿ ಕೆರೆತವಿಲ್ಲದಿದ್ದರೂ ಇನ್ನೊಬ್ಬರಿಗೆ ಹರಡಬಹುದು. ಮೈಯಲ್ಲಿ ಒಟ್ಟು ಹತ್ತು ಹದಿನೈದು ನುಸಿಗಳಿದ್ದರೂ ಇಡೀ ಮೈ ಕೆರೆಯುವುದೂ ಇದರಿಂದಲೇ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರು ಹುಡುಗನ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ಕೆರೆದು ಗಾಯವಾದ ಕಡೆ ನೋಡಬೇಡಿ, ಉಗುರು ಸುರಂಗವನ್ನೇ ಕಿತ್ತುಹಾಕಿರುತ್ತದೆ ಎಂದು ನನಗೂ ತೋರಿಸಿದರು. ಮಣಿಕಟ್ಟಿನ ಹತ್ತಿರ ಕೆರೆಯದೆ ಉಳಿದ ಜಾಗದಲ್ಲಿ, ಸೀಸದಕಡ್ಡಿಯಿಂದ ಅಲುಗುವ ಕೈಯಲ್ಲಿ ಎಳೆದಂತೆ, ಬೂದುಬಣ್ಣದ ಅಂಕುಡೊಂಕಾದ ಗೆರೆಯೊಂದಿತ್ತು. ಉದ್ದ ಅರ್ಧ ಸೆಂಟಿಮೀಟರ್ ಇದ್ದೀತು. ಒಂದು ತುದಿಯಲ್ಲಿ ಚುಕ್ಕೆ. ಅವರು ಪೆನ್ನಿನ ಮಸಿ ಸವರಿ ಸ್ಪಿರಿಟ್ ಹತ್ತಿಯಿಂದ ಒರೆಸಿದರು. ಸುತ್ತಲಿನ ಮಸಿ ಹೋಯಿತು, ಗೆರೆಯೊಳಗೆ ಇಳಿದದ್ದು ಉಳಿಯಿತು. ಕೀಟ ಕಚ್ಚಿದ ಗಂಧೆಯ ನಡುವೆ ಚುಕ್ಕೆ ಇರಬಹುದು, ಗೆರೆ ಇರುವುದಿಲ್ಲ. ಆದರೆ ಗೆರೆ ಸಿಗಲಿಲ್ಲವೆಂದ ಮಾತ್ರಕ್ಕೆ ಕಜ್ಜಿ ಅಲ್ಲವೆನ್ನುವ ಹಾಗಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚುತ್ತಿದ್ದರೆ ಕೆಂಪು, ನವೆ ಎಲ್ಲ ಅಡಗಿ ವೈದ್ಯರಿಗೂ ಗುರುತು ಸಿಗದೆ ಹೋಗುತ್ತದಂತೆ.

ಈ ಮನೆಯವರು ಹಿಂದೆಯೇ ಒಂದು ಟ್ಯೂಬ್ ಸರಿಯಾದ ಔಷಧವನ್ನೇ ತಂದಿದ್ದರು. ಹಚ್ಚಿದ್ದು ಹುಡುಗನಿಗೆ ಮಾತ್ರ, ಅದೂ ಬೆರಳ ಸಂದಿಗೆ. ಹತ್ತು ದಿನ ಕಡಿಮೆಯಾಗಿ ಮತ್ತೆ ಬಂತು. ಔಷಧಿಯೇ ಸರಿಯಿಲ್ಲ ಎಂದುಕೊಂಡರು. ವಾಸ್ತವದಲ್ಲಿ ಅದೇ ಚಾಪೆಯಲ್ಲಿ ಮಲಗಿದ ತಾಯಿ, ಮಗುವಿನಿಂದ ಅವನಿಗೆ ಮತ್ತೆ ಹತ್ತಿತ್ತು. ಎರಡನೇ ಸಲ ದೇಹಕ್ಕೆ ಪರಿಚಯ ಇರುವುದರಿಂದ ನವೆ ತಿಂಗಳು ಕಾಯುವುದಿಲ್ಲ, ಒಂದರಿಂದ ನಾಲ್ಕು ದಿನಗಳಲ್ಲಿ ಬಂದುಬಿಡುತ್ತದೆ.

ಈ ಸಲ ವೈದ್ಯರು ಮನೆಯ ಐವರಿಗೂ ಶೇಕಡ 5ರ ಪರ್ಮೆಥ್ರಿನ್ ಕ್ರೀಮ್ ಬರೆದರು. ಎಲ್ಲರೂ ಒಂದೇ ರಾತ್ರಿ ಹಚ್ಚಬೇಕು. ಕತ್ತಿನಿಂದ ಕೆಳಗೆ ಅಂಗಾಲಿನವರೆಗೆ, ಉಗುರಿನ ಅಡಿ, ಹೊಕ್ಕಳು, ತೊಡೆಸಂದಿ ಯಾವುದನ್ನೂ ಬಿಡದೆ. ಹತ್ತು ತಿಂಗಳ ಮಗುವಿಗೆ ತಲೆ ಮುಖಕ್ಕೂ, ಕಣ್ಣು ಬಾಯಿ ತಪ್ಪಿಸಿ. ಬೆಳಿಗ್ಗೆ ಸ್ನಾನ, ಒಂದು ವಾರ ಬಿಟ್ಟು ಇನ್ನೊಮ್ಮೆ. ಬಟ್ಟೆ ಹೊದಿಕೆಗಳನ್ನು ಬಿಸಿನೀರಲ್ಲಿ ಒಗೆಯಬೇಕು. ಒಗೆಯಲಾಗದ ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ವಾರ ಇಟ್ಟರೆ ಸಾಕು, ಮೈಬಿಟ್ಟ ನುಸಿ ಎರಡು ಮೂರು ದಿನಕ್ಕಿಂತ ಬದುಕುವುದಿಲ್ಲ.

ಎಡವಟ್ಟಾದದ್ದು ಅಜ್ಜಿಯ ವಿಷಯದಲ್ಲಿ. "ನಂಗೇನೂ ಆಗಿಲ್ವಲ್ಲವ್ವಾ, ನಂಗ್ಯಾಕೆ ಮುಲಾಮು?" ಎಂದು ಕೂತುಬಿಟ್ಟರು. ಮಗುವನ್ನು ರಾತ್ರಿ ಮಗ್ಗುಲಲ್ಲಿ ಮಲಗಿಸಿಕೊಳ್ಳುವವರು ಅವರೇ. ಕೆರೆತ ಶುರುವಾಗುವ ಮೊದಲೇ ಹುಳು ಮನೆಮಾಡಿರಬಹುದು, ನಿಮ್ಮಿಂದ ಮಗುವಿಗೆ ಮತ್ತೆ ಬಂದೀತು ಎಂದು ಆಶಾ ಕಾರ್ಯಕರ್ತೆ ಹೇಳಿದ ಮೇಲೆ ಒಪ್ಪಿದರು. ತಮಗಾಗಿ ಅಲ್ಲ, ಮಗುವಿಗಾಗಿ.

ಮೊದಲ ಸಲ ಹಚ್ಚಿದ ಮರುದಿನದಿಂದಲೇ ಹುಡುಗ ಶಾಲೆಗೆ ಬರಬಹುದು ಎಂದು ವೈದ್ಯರು ಹೇಳಿದ್ದರು. ಬೇರೆ ಬೆಂಚಿನ ಪ್ರಶ್ನೆ ಮಾತ್ರ ಶಾಲೆಯಲ್ಲಿ ಉಳಿದೇ ಇತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕೆನೆತ್ ಮೆಲನ್‌ಬಿ ಎಂಬ ವಿಜ್ಞಾನಿ, ಕಜ್ಜಿಯಾದವರು ಹೊದ್ದ ಕಂಬಳಿಗಳಲ್ಲೇ ಸ್ವಯಂಸೇವಕರನ್ನು ಮಲಗಿಸಿ ನೋಡಿದ್ದರು. ಕಂಬಳಿಯಿಂದ ಹತ್ತಿದ್ದು ತೀರಾ ಕಡಿಮೆ. ಮುಖ್ಯ ದಾರಿ ಮೈಗೆ ಮೈ ತಾಗಿಸಿ ಬಹಳ ಹೊತ್ತು ಇರುವುದೇ ಎಂದು ತಿಳಿಯಿತು. ಪಕ್ಕದಲ್ಲಿ ಕೂತು ಲೆಕ್ಕ ಮಾಡುವುದಕ್ಕೂ ಒಂದೇ ಚಾಪೆಯಲ್ಲಿ ರಾತ್ರಿ ಕಳೆಯುವುದಕ್ಕೂ ಅಷ್ಟು ವ್ಯತ್ಯಾಸ. ಇದನ್ನು ತರಗತಿಯ ಶಿಕ್ಷಕರಿಗೆ ಹೇಳಿದಾಗ ಅವರು ವಾದಿಸಲಿಲ್ಲ. ಮರುದಿನ ಹುಡುಗ ಮೂರನೇ ಬೆಂಚಿಗೆ ವಾಪಸಾದ.

ಎರಡನೇ ಸಲ ಹಚ್ಚಿ ವಾರ ಕಳೆದರೂ ನವೆ ಪೂರ್ತಿ ನಿಂತಿರಲಿಲ್ಲ. ತಾಯಿ ದಿನವೂ ಹಚ್ಚಲು ಹೊರಟಿದ್ದರು. ಸತ್ತ ನುಸಿಯ ಅವಶೇಷ ಚರ್ಮದಿಂದ ಉದುರುವವರೆಗೆ, ಎರಡರಿಂದ ನಾಲ್ಕು ವಾರ, ನವೆ ಇರುವುದು ಸಹಜ. ಹೊಸ ಗೆರೆ, ಹೊಸ ಗುಳ್ಳೆ ಬಂದರೆ ಮಾತ್ರ ಕರೆತನ್ನಿ ಎಂದು ವೈದ್ಯರು ತಡೆದರು. ಹೊಸ ಗೆರೆ ಬರಲಿಲ್ಲ. ಉಳಿದದ್ದು ಅಣ್ಣ. ಅವನು ಸಂಕ್ರಾಂತಿಗೆ ಬಂದು ಅದೇ ಚಾಪೆಯಲ್ಲಿ ಮಲಗುವ ಮುನ್ನ ಅವನಿಗೂ ಅವನ ಕೊಠಡಿಯವರಿಗೂ ಒಂದೇ ದಿನ ಚಿಕಿತ್ಸೆ ಆಗಬೇಕೆಂದು ವೈದ್ಯರು ಬರೆದುಕೊಟ್ಟ ಚೀಟಿಯನ್ನು, ಮುಖ್ಯಶಿಕ್ಷಕರ ಪತ್ರದೊಂದಿಗೆ ಹಾಸ್ಟೆಲಿನ ವಾರ್ಡನ್‌ಗೆ ಕಳಿಸಿದೆವು.