ಕೈಪಿಡಿಯ ಹನ್ನೊಂದನೇ ಪುಟದ ಪ್ಯಾರಾ

"ನನ್ ಮಗ್ಳು ಕದ್ದವ್ಳೆ ಅಂತ ಬರ್ದವ್ರಂತಲ್ಲ ಸಾ, ಏನ್ ಕದ್ದವ್ಳೆ?" ಎಂದು ಆಕೆಯ ತಂದೆ ಕೇಳಿದರು. ಬ್ಲಫ್‌ನಲ್ಲಿ ಅವರ ಮನೆಯ ಜಗಲಿಯ ಮೇಲೆ ನಾನು ಕುಳಿತಿದ್ದೆ. ಪ್ರಥಮ ವರ್ಷದ ಬಿ.ಇಡಿ. ಪ್ರಶಿಕ್ಷಣಾರ್ಥಿಯಾದ ಅವರ ಮಗಳು ನಾಲ್ಕು ದಿನಗಳಿಂದ ಕಾಲೇಜಿಗೆ ಬಂದಿರಲಿಲ್ಲ. ಫೋನೂ ಎತ್ತುತ್ತಿರಲಿಲ್ಲ. ಮುಂದಿನ ಸೋಮವಾರದಿಂದ ಬೋಧನಾಭ್ಯಾಸ ಶುರುವಾಗುವುದಿತ್ತು. ಆದ್ದರಿಂದ ಶನಿವಾರ ಮಧ್ಯಾಹ್ನ ಮಳವಳ್ಳಿಯಿಂದ ಬಸ್ಸು ಹಿಡಿದು ಹೋಗಿದ್ದೆ.

ನಡೆದದ್ದು ಇಷ್ಟು. ಸಮಾಜ ವಿಜ್ಞಾನ ಬೋಧನೆಗೆ ಸ್ಥಳೀಯ ಸಂಪನ್ಮೂಲವನ್ನು ಬಳಸುವುದು ಹೇಗೆ ಎಂಬ ನಿಯೋಜಿತ ಕಾರ್ಯಕ್ಕೆ ಆಕೆ ತನ್ನೂರಿನ ವಿದ್ಯುದಾಗಾರವನ್ನೇ ಆರಿಸಿಕೊಂಡಿದ್ದಳು. ನಾವು ಆ ವರ್ಷ ಹೊಸದಾಗಿ ಎಲ್ಲರ ಬರಹವನ್ನೂ ಸಾಮ್ಯತೆ ಪರೀಕ್ಷಿಸುವ ತಂತ್ರಾಂಶಕ್ಕೆ ಹಾಕಿದ್ದೆವು. ಆಕೆಯ ವರದಿಯಲ್ಲಿ ಶೇ. 63 ಎಂದು ಬಂತು. ಕಚೇರಿಯವರು ಆ ಹಾಳೆಯನ್ನು ಹಾಗೆಯೇ ಆಕೆಯ ಕೈಗಿತ್ತರು. ಆಕೆ ಕೈಪಿಡಿಯ ಹನ್ನೊಂದನೇ ಪುಟ ತೆಗೆದು ಓದಿ, ತನ್ನ ಪ್ರವೇಶವೇ ರದ್ದಾಯಿತೆಂದು ತಿಳಿದು ಊರಿಗೆ ಹೋಗಿಬಿಟ್ಟಳು.

ಆ ಪ್ಯಾರಾ ಹೀಗಿತ್ತು: "ಪ್ರಶಿಕ್ಷಣಾರ್ಥಿಗಳು ಸಲ್ಲಿಸುವ ಯಾವುದೇ ಶೈಕ್ಷಣಿಕ ಬರವಣಿಗೆಯಲ್ಲಿ ಕೃತಿಚೌರ್ಯ ಕಂಡುಬಂದಲ್ಲಿ ಯುಜಿಸಿ ನಿಯಮಾವಳಿ 2018ರನ್ವಯ ಸಾಮ್ಯತೆಯ ಪ್ರಮಾಣವನ್ನಾಧರಿಸಿ (ಶೇ. 10ರವರೆಗೆ ವಿನಾಯಿತಿ, ಶೇ. 10ರಿಂದ 40 ಮರುಸಲ್ಲಿಕೆ, ಶೇ. 40ರಿಂದ 60 ಒಂದು ವರ್ಷ ನಿರ್ಬಂಧ, ಶೇ. 60 ಮೀರಿದಲ್ಲಿ ನೋಂದಣಿ ರದ್ದು) ಸೂಕ್ತ ಕ್ರಮ ಜರುಗಿಸಲಾಗುವುದು ಹಾಗೂ ಸಹಜ ನ್ಯಾಯ ತತ್ವದನ್ವಯ ಸಕ್ಷಮ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶ ಕಲ್ಪಿಸಲಾಗುವುದು."

ಇದನ್ನು ಬರೆದವನು ನಾನೇ. ಕೈಪಿಡಿ ಮುದ್ರಣಕ್ಕೆ ಹೋಗುವ ಹಿಂದಿನ ರಾತ್ರಿ, ಎಲ್ಲಿಂದಲೋ ಎತ್ತಿ ಸೇರಿಸಿದ್ದೆ. ಕೃತಿಚೌರ್ಯದ ಬಗೆಗಿನ ಪ್ಯಾರಾವನ್ನೇ ಹೆಸರು ಹೇಳದೆ ಎತ್ತಿದ್ದೆ ಎಂಬುದು ಅಂದು ಹೊಳೆಯಲಿಲ್ಲ.

ಹುಡುಗಿಯನ್ನು ಕರೆಸಿ ಅವಳ ಬರಹವನ್ನೂ ವರದಿಯನ್ನೂ ಜಗಲಿಯ ಮೇಲೆ ಹರಡಿಕೊಂಡು ಕುಳಿತೆವು. ಬರಹದಲ್ಲಿ ಸುಮಾರು 800 ಪದಗಳಿದ್ದವು. ತಂತ್ರಾಂಶ 504 ಪದಗಳಿಗೆ ಬಣ್ಣ ಬಳಿದಿತ್ತು. ಅದರಲ್ಲಿ 190 ಪದಗಳು ನಾವೇ ಕೊಟ್ಟ ಪ್ರಶ್ನೆ, ತಲೆಬರಹ ಮತ್ತು ಕೊನೆಯ ಆಕರಪಟ್ಟಿ. ಇಡೀ ತರಗತಿಯ ಬರಹಗಳಲ್ಲಿ ಅವು ಒಂದೇ ಆಗಿರಲೇಬೇಕು. ಇನ್ನು 150 ಪದಗಳು ಪುಸ್ತಕವೊಂದರಿಂದ ಉದ್ಧರಣ ಚಿಹ್ನೆಯೊಳಗೆ, ಹೆಸರು ಹೇಳಿ ತೆಗೆದುಕೊಂಡವು. ಉಳಿದದ್ದು 164. ಅವು "ಸ್ಥಳೀಯ ಸಂಪನ್ಮೂಲಗಳ ಮಹತ್ವ" ಎಂಬ ಎರಡು ಪ್ಯಾರಾಗಳು.

"ಇದೆಲ್ಲಿಂದ ಬಂತಮ್ಮ?" ಎಂದೆ.

"ಸೀನಿಯರ್ ಅಕ್ಕನ ರೆಕಾರ್ಡ್‌ನಿಂದ ಸಾರ್. ಎಲ್ಲಾರೂ ಅದನ್ನೇ ಬರೀತಾರೆ," ಎಂದಳು.

ಅಂದರೆ ತಪ್ಪು ನಡೆದಿತ್ತು. ಆದರೆ ಅದು 63ರ ತಪ್ಪಲ್ಲ, ಬರಹದ ಐದರಲ್ಲಿ ಒಂದು ಪಾಲಿನದು. ಆ ಸಂಖ್ಯೆ ಹೇಳುವುದು ಎಷ್ಟು ಪದಗಳು ಬೇರೆಡೆ ಸಿಕ್ಕವು ಎಂಬುದನ್ನು ಮಾತ್ರ. ಎಷ್ಟು ಕದ್ದದ್ದು ಎಂಬುದನ್ನಲ್ಲ. ಅದನ್ನು ಮನುಷ್ಯರೊಬ್ಬರು ಬಣ್ಣ ಬಳಿದ ಒಂದೊಂದು ಸಾಲನ್ನೂ ನೋಡಿ ಹೇಳಬೇಕು. ಇದರ ಇನ್ನೊಂದು ಮುಖವನ್ನೂ ನಮ್ಮ ಓದುಗರು ಬಲ್ಲರು. ನುಡಿಯ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಬರಹ ಕಣ್ಣಿಗೆ ಕನ್ನಡವಾದರೂ ಕಂಪ್ಯೂಟರಿನ ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್ ಕನ್ನಡದೊಂದಿಗೆ ಅದು ತಾಳೆಯಾಗುವುದಿಲ್ಲ. ಇಂಗ್ಲಿಷಿನಿಂದ ಹೆಸರು ಹೇಳದೆ ಅನುವಾದಿಸಿಕೊಂಡದ್ದೂ ಹೀಗೆಯೇ ಸುಲಭವಾಗಿ ನುಣುಚಿಕೊಳ್ಳುತ್ತದೆ. ಪೂರ್ತಿ ನಕಲು ಮಾಡಿದವನಿಗೆ ಸೊನ್ನೆ ಬಂದು, ಆಕರ ಹೇಳಿ ಬರೆದವಳಿಗೆ 63 ಬರಬಹುದು.

ಮರಳಿ ಬಂದ ಮೇಲೆ ಯುಜಿಸಿ ನಿಯಮಾವಳಿಯನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ನಾಚಿಕೆಯಾಯಿತು. ಆ ನಾಲ್ಕು ಹಂತಗಳು ಅದರಲ್ಲಿ ಇರುವುದು ನಿಜ, ಆದರೆ ಅವು ಮಹಾಪ್ರಬಂಧ ಮತ್ತು ಪ್ರೌಢಪ್ರಬಂಧಗಳಿಗೆ. ಯಾವ ಬರಹಕ್ಕೆ ನಿಯಮ ಅನ್ವಯಿಸುತ್ತದೆ ಎಂದು ಹೇಳುವ ವ್ಯಾಖ್ಯೆಯಲ್ಲೇ ನಿಯೋಜಿತ ಕಾರ್ಯ, ಟರ್ಮ್ ಪೇಪರ್, ಪ್ರಾಜೆಕ್ಟ್ ವರದಿ, ಪ್ರಬಂಧ, ಉತ್ತರಪತ್ರಿಕೆ ಇವೆಲ್ಲವನ್ನೂ ಹೊರಗಿಟ್ಟಿದ್ದಾರೆ. ಉದ್ಧರಣ ಮಾಡಿ ಆಕರ ಹೇಳಿದ ಭಾಗವನ್ನೂ ಆಕರಪಟ್ಟಿಯನ್ನೂ ಸಾಮ್ಯತೆಯ ಲೆಕ್ಕದಿಂದ ಬಿಡಬೇಕೆಂದೂ ಅದೇ ನಿಯಮ ಹೇಳುತ್ತದೆ. ಪ್ರಬಂಧದ ಮೇಲೆ ದೂರು ಬಂದರೂ ಮೊದಲು ವಿಭಾಗದ ಸಮಿತಿ, ಬಳಿಕ ಸಂಸ್ಥೆಯ ಸಮಿತಿ ನೋಡಬೇಕು. ಒಂದೊಂದಕ್ಕೂ 45 ದಿನಗಳ ಗಡುವು. ಮೇಲ್ಮನವಿಯ ದಾರಿಗಳೆಲ್ಲ ಮುಗಿದ ಮೇಲೆಯೇ ಶಿಕ್ಷೆ ಎಂದೂ ಇದೆ. ನನ್ನ ಪ್ಯಾರಾ ಶಿಕ್ಷೆಯ ಅಂಕಿಗಳನ್ನು ಮಾತ್ರ ಹೆಕ್ಕಿಕೊಂಡು, ಅವುಗಳಿಗಿದ್ದ ಬೇಲಿಯನ್ನು ಬಿಟ್ಟಿತ್ತು.

ಸೋಮವಾರ ಪ್ರಥಮ ವರ್ಷದವರಿಗೆ ಆ ಪ್ಯಾರಾವನ್ನು ಕೊಟ್ಟು, ಅರ್ಥವಾದದ್ದನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆಯಿರಿ ಎಂದೆ. ಮೂರು ಚೀಟಿಗಳಲ್ಲಿ ಕೃತಿಚೌರ್ಯವೆಂದರೆ ಗ್ರಂಥಾಲಯದ ಪುಸ್ತಕ ಕದಿಯುವುದು ಎಂದಿತ್ತು. ನಗಬೇಡಿ, ಕೃತಿ ಎಂದರೆ ಪುಸ್ತಕ, ಚೌರ್ಯ ಎಂದರೆ ಕಳ್ಳತನ ಎಂದು ನಾವೇ ಕಲಿಸಿದ್ದೇವೆ. "ಸಹಜ ನ್ಯಾಯ" ಎಂಬುದಕ್ಕೆ ಒಬ್ಬರು "ತಪ್ಪು ಮಾಡಿದರೆ ಶಿಕ್ಷೆ ಸಹಜ" ಎಂದು ಬರೆದಿದ್ದರು. ಮೇಲ್ಮನವಿ ಯಾರಿಗೆ ಕೊಡುತ್ತೀರಿ ಎಂಬ ಪ್ರಶ್ನೆಗೆ ಪ್ರಾಂಶುಪಾಲರು, ಕುಲಪತಿಗಳು, ಕೋರ್ಟು ಎಂಬ ಉತ್ತರಗಳು ಬಂದವು. ಹೆಚ್ಚಿನವರು ಆ ಜಾಗವನ್ನು ಖಾಲಿ ಬಿಟ್ಟಿದ್ದರು.

ತೊಡಕು ಕಠಿಣ ಪದಗಳದ್ದಷ್ಟೇ ಅಲ್ಲ ಎಂಬುದು ಚೀಟಿಗಳನ್ನು ಓದಿದಾಗ ಕಂಡಿತು. "ಜರುಗಿಸಲಾಗುವುದು", "ಕಲ್ಪಿಸಲಾಗುವುದು" ಎಂಬ ಕ್ರಿಯಾಪದಗಳಲ್ಲಿ ಕರ್ತೃವೇ ಇಲ್ಲ. ಯಾರು ಜರುಗಿಸುವವರು? ಕಚೇರಿ ಕನ್ನಡಕ್ಕೆ ಇದು ರೂಢಿ, ಬರೆಯುವವನಿಗೆ ಅನುಕೂಲ. ನಾನು ಪ್ರತಿ "ಲಾಗುವುದು"ವಿನ ಕೆಳಗೂ ಗೆರೆ ಎಳೆದು, ಅಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಲು ಹೊರಟೆ. ಆಗ ನಿಜವಾದ ಕಷ್ಟ ಗೊತ್ತಾಯಿತು. ಆ ಮನುಷ್ಯ ಯಾರೆಂದು ನಮ್ಮ ಕಾಲೇಜಿನಲ್ಲಿ ಯಾರೂ ತೀರ್ಮಾನಿಸಿಯೇ ಇರಲಿಲ್ಲ. ತೀರ್ಮಾನವಾಗದ್ದನ್ನು ಸರಳ ಕನ್ನಡದಲ್ಲಿ ಬರೆಯಲು ಬರುವುದಿಲ್ಲ.

ಹೀಗೆ ಭಾಷೆ ತಿದ್ದುವ ಕೆಲಸ ಅಧ್ಯಾಪಕರ ಸಭೆಗೆ ಹೋಯಿತು. ಎರಡು ಸಭೆ ಹಿಡಿಯಿತು. ಹಿರಿಯರೊಬ್ಬರು, "ಮೊದಲ ಸಲ ಬಿಟ್ಟರೆ ಎಲ್ಲರೂ ಆ ಮೊದಲ ಸಲವನ್ನು ಬಳಸಿಕೊಳ್ಳುತ್ತಾರೆ" ಎಂದರು. ಅದು ಸುಳ್ಳೆಂದು ನನಗೂ ಅನಿಸಲಿಲ್ಲ. ಕೊನೆಗೆ ಮೊದಲ ಸಲ ಮರುಬರಹ, ಎರಡನೇ ಸಲ ಆ ಕಾರ್ಯಕ್ಕೆ ಸೊನ್ನೆ ಎಂದಾಯಿತು. ನೋಂದಣಿಯ ಮಾತನ್ನು ಪೂರ್ತಿ ತೆಗೆದೆವು. ಅದು ವಿಶ್ವವಿದ್ಯಾಲಯಕ್ಕೆ ಸೇರಿದ್ದು. ನಮ್ಮ ಕೈಯಲ್ಲಿಲ್ಲದ ದೊಣ್ಣೆಯನ್ನು ತೋರಿಸುವುದು ತರವಲ್ಲ. ಈಗ ಕೈಪಿಡಿಯಲ್ಲಿರುವುದು ಇದು:

"ಬೇರೆಯವರ ವಾಕ್ಯ, ವಿಚಾರ, ಚಿತ್ರ ಅಥವಾ ಪಾಠಯೋಜನೆಯನ್ನು ಅವರ ಹೆಸರು ಹೇಳದೆ ನಿಮ್ಮದೆಂಬಂತೆ ಕೊಡುವುದು ಕೃತಿಚೌರ್ಯ. ಸೀನಿಯರ್ ರೆಕಾರ್ಡಿನಿಂದ ಇಳಿಸಿಕೊಂಡರೂ, ಇಂಗ್ಲಿಷಿನಿಂದ ಅನುವಾದಿಸಿದರೂ, ಪದಗಳನ್ನು ಅಲ್ಲಲ್ಲಿ ಬದಲಿಸಿದರೂ ಇದು ಅನ್ವಯಿಸುತ್ತದೆ. ಎಲ್ಲರಿಗೂ ತಿಳಿದ ಸಂಗತಿಗೆ ಆಕರ ಬೇಡ. ಆಕರ ಬೇಕೋ ಬೇಡವೋ ಎಂಬ ಅನುಮಾನವಿದ್ದರೆ ಹೇಳಿಬಿಡಿ.

ತಂತ್ರಾಂಶದ ಶೇಕಡಾ ಅಂಕಿಯಿಂದಲೇ ತಪ್ಪು ಸಾಬೀತಾಗುವುದಿಲ್ಲ. ನಿಮ್ಮ ವಿಷಯದ ಅಧ್ಯಾಪಕರು ವರದಿಯನ್ನು ನಿಮ್ಮ ಎದುರಿಗೇ ಓದಿ, ನಿಮ್ಮ ಮಾತು ಕೇಳುತ್ತಾರೆ. ಅದಕ್ಕೆ ಮೊದಲು ಯಾವ ಶಿಕ್ಷೆಯೂ ಇಲ್ಲ. ತಪ್ಪು ಮೊದಲ ಸಲದ್ದಾದರೆ ಆ ಭಾಗವನ್ನು 7 ದಿನಗಳಲ್ಲಿ ತಿದ್ದಿ ಬರೆದು ಕೊಡಬೇಕು. ಎರಡನೇ ಸಲವಾದರೆ ಆ ನಿಯೋಜಿತ ಕಾರ್ಯಕ್ಕೆ ಅಂಕವಿಲ್ಲ.

ತೀರ್ಮಾನ ಸರಿಯಲ್ಲವೆನಿಸಿದರೆ, ಅದು ಕೈಸೇರಿದ 10 ದಿನಗಳೊಳಗೆ ಪ್ರಾಂಶುಪಾಲರಿಗೆ ಬಿಳಿ ಹಾಳೆಯಲ್ಲಿ ಬರೆದು ಕೊಡಿ. ಯಾವ ಸಾಲಿನ ಬಗ್ಗೆ ನಿಮ್ಮ ತಕರಾರು ಎಂದು ತಿಳಿಸಿದರೆ ಸಾಕು. ನಿಮ್ಮ ಬರಹಕ್ಕೆ ಅಂಕ ಕೊಡದ ಇಬ್ಬರು ಅಧ್ಯಾಪಕರು ಅದನ್ನು ಮತ್ತೆ ನೋಡಿ, 15 ದಿನಗಳಲ್ಲಿ ಕಾರಣ ಸಹಿತ ಬರೆದು ತಿಳಿಸುತ್ತಾರೆ. ಅಲ್ಲಿಯವರೆಗೆ ತರಗತಿ, ಬೋಧನಾಭ್ಯಾಸ ಎಂದಿನಂತೆ ನಡೆಯುತ್ತವೆ."

ಹಳೆಯದಕ್ಕಿಂತ ಇದು ಸುಮಾರು ಎರಡೂವರೆ ಪಟ್ಟು ಉದ್ದವಿದೆ. ಚಿಕ್ಕದು ಮಾಡಿ ಎಂದವರಿದ್ದರು. ನಾನು ಒಪ್ಪಲಿಲ್ಲ, ಹಳೆಯದು ಚಿಕ್ಕದಾಗಿದ್ದುದು ಹೇಳಬೇಕಾದ್ದನ್ನು ಹೇಳದೆ ಇದ್ದುದರಿಂದ. ದಿನಗಳ ಲೆಕ್ಕವೆಲ್ಲ ನಮ್ಮದೇ, ಯುಜಿಸಿಯದ್ದಲ್ಲ. ಬೇರೆ ಕಾಲೇಜಿನವರು ಇದನ್ನು ಬಳಸುವುದಾದರೆ ತಮ್ಮಲ್ಲಿ ನಡೆಸಲು ಆಗುವಷ್ಟು ದಿನಗಳನ್ನೇ ಬರೆದುಕೊಳ್ಳಲಿ.

"ಎಲ್ಲರಿಗೂ ತಿಳಿದ ಸಂಗತಿ" ಎಂಬ ಮಾತು ಮಾತ್ರ ಪ್ಯಾರಾದಿಂದಲೇ ತಿಳಿಯುವಂಥದ್ದಲ್ಲ. ಅದನ್ನು ತರಗತಿಯಲ್ಲಿ ಆ ಹುಡುಗಿಯ ಬರಹದಿಂದಲೇ, ಅವಳ ಒಪ್ಪಿಗೆ ಪಡೆದು, ಮೂರು ವಾಕ್ಯ ತೆಗೆದು ಕಲಿಸಿದೆ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು ಎಂಬುದು ಮೊದಲನೆಯದು. ಯಾವ ಪುಸ್ತಕ ತೆರೆದರೂ ಸಿಗುತ್ತದೆ, ಆಕರ ಬೇಡ. ಆ ವಿದ್ಯುದಾಗಾರವನ್ನು ಮಕ್ಕಳಿಗೆ ತೋರಿಸಿದರೆ ಏನು ಪ್ರಯೋಜನ ಎಂದು ಸೀನಿಯರ್ ಬರೆದ ವಾಕ್ಯ ಎರಡನೆಯದು. ಅದು ಆಕೆಯ ವಿಚಾರ, ಹೆಸರು ಬೇಕು. ಮೂರನೆಯದರಲ್ಲಿ, ಕೆಳಗಿನ ವಿದ್ಯುದಾಗಾರಕ್ಕೆ ಇಳಿದು ಹತ್ತಿ ಮಾಡುತ್ತಿದ್ದ ಕೆಲಸದ ಬಗ್ಗೆ ಹುಡುಗಿಯ ತಾತ ಹೇಳಿದ ಮಾತಿತ್ತು. "ಇದಕ್ಕೆ ಆಕರ ಬೇಕೇ?" ಎಂದೆ. ಬೇಡ, ಅದು ಪುಸ್ತಕದಲ್ಲಿಲ್ಲ ಎಂದರು ಬಹಳ ಮಂದಿ. ಹುಡುಗಿ ಎದ್ದು ನಿಂತು, "ತಾತ ಹೇಳಿದ್ದು ಸಾರ್, ತಾತನ ಹೆಸರು ಹಾಕ್ಬೇಕು" ಎಂದಳು. ಮರುಬರಹದಲ್ಲಿ ಹಾಕಿಯೂ ಇದ್ದಳು. ಎರಡು ಪ್ಯಾರಾಗಳ ಜಾಗದಲ್ಲಿ ಈಗ ಒಂದೇ ಇತ್ತು, ಸ್ವಲ್ಪ ಕುಂಟುವ ಕನ್ನಡದಲ್ಲಿ, ಅವಳದೇ.

ಹೊಸ ಪ್ಯಾರಾ ಕೊಟ್ಟು ಮತ್ತೆ ಚೀಟಿ ಬರೆಸಿದೆ. ಮೇಲ್ಮನವಿ ಯಾರಿಗೆ ಎಂಬುದಕ್ಕೆ ಒಬ್ಬರೂ ಜಾಗ ಖಾಲಿ ಬಿಡಲಿಲ್ಲ. ಆದರೆ ಒಂದು ಚೀಟಿಯಲ್ಲಿ ಪ್ರಶ್ನೆಯಿತ್ತು: "ಇಬ್ಬರು ಕೂತು ಒಂದೇ ಪಾಠಯೋಜನೆ ಮಾಡಿ, ಬೇರೆ ಬೇರೆ ಶಾಲೆಯಲ್ಲಿ ಪಾಠ ಮಾಡಿದರೆ ಯಾರು ಯಾರ ಹೆಸರು ಹಾಕಬೇಕು?" ಬೋಧನಾಭ್ಯಾಸದಲ್ಲಿ ಇದು ದಿನವೂ ನಡೆಯುವುದೇ. ನಮ್ಮ ಪ್ಯಾರಾದಲ್ಲಿ ಇದಕ್ಕೆ ಉತ್ತರವಿಲ್ಲ. ಮುಂದಿನ ಸಭೆಗೆ ಆ ಚೀಟಿಯನ್ನೇ ಒಯ್ಯುತ್ತಿದ್ದೇನೆ.