ನಿದ್ದೆಗೆಟ್ಟ ರಾತ್ರಿಯ ನಾಡಿ



ಕೈಗಡಿಯಾರಗಳು ಹೊತ್ತನ್ನು ತೋರಿಸುವುದರ ಜೊತೆಗೆ ಹೃದಯದ ಬಡಿತವನ್ನೂ ಎಣಿಸತೊಡಗಿದ ಮೇಲೆ ನನಗೆ ಬರುವ ದೂರವಾಣಿ ಕರೆಗಳ ಸ್ವರೂಪವೇ ಬದಲಾಗಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಕರೆ ಮಾಡಿ, "ಸಾರ್, ನನ್ನ ವಿಶ್ರಾಂತಿಯ ಬಡಿತ ಯಾವಾಗಲೂ 60ರ ಆಸುಪಾಸು ಇರುತ್ತದೆ. ಈ ಭಾನುವಾರ ಬೆಳಿಗ್ಗೆ 71 ಎಂದು ತೋರಿಸುತ್ತಿದೆ. ಹೃದಯಕ್ಕೇನೋ ಆಗಿದೆಯೇ?" ಎಂದು ಕೇಳಿದ. ಅವನ ಧ್ವನಿಯಲ್ಲಿದ್ದ ಆತಂಕಕ್ಕೆ ಕಾರಣ ನನಗೆ ತಿಳಿದಿತ್ತು. ಅವನಿಗೀಗ 43 ವರ್ಷ. ಅವನ ತಂದೆ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 45. ಆಗ ಈತ ನನ್ನ ತರಗತಿಯಲ್ಲಿ ಮೂರನೆಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದ.

ಹಿಂದಿನ ರಾತ್ರಿ ಏನೇನಾಯಿತು ಎಂದು ವಿಚಾರಿಸಿದೆ. ಮೊದಲು ಸಂಕೋಚಪಟ್ಟರೂ ಆಮೇಲೆ ಹೇಳಿದ. ಗೆಳೆಯರ ಕೂಟ, ಒಂಬತ್ತರಿಂದ ಹನ್ನೊಂದರೊಳಗೆ ಮೂರು ದೊಡ್ಡ ಪೆಗ್ ವಿಸ್ಕಿ, ಹನ್ನೊಂದಕ್ಕೆ ಹೊಟ್ಟೆ ಬಿರಿಯುವಷ್ಟು ಬಿರಿಯಾನಿ, ಹನ್ನೆರಡೂವರೆಗೆ ನಿದ್ದೆ, ಬೆಳಿಗ್ಗೆ ಆರಕ್ಕೆ ಎಚ್ಚರ. ಅವನ ಗಡಿಯಾರ ನಿದ್ರೆಯ ಅವಧಿಯ ಸರಾಸರಿ ಬಡಿತವನ್ನು ತೋರಿಸುವ ಬಗೆಯದು. ಹೃದಯದ ಸ್ಥಿತಿಯನ್ನು ವೈದ್ಯರೇ ನೋಡಿ ಹೇಳಬೇಕು. ಆದರೆ ಆ ಹನ್ನೊಂದು ಬಡಿತಗಳು ಎಲ್ಲಿಂದ ಬಂದಿರಬಹುದೆಂಬ ಲೆಕ್ಕವನ್ನು ವಿಜ್ಞಾನದ ಮೇಷ್ಟ್ರು ಕೊಡಬಲ್ಲ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಹೃದಯದ ಬಲ ಮೇಲ್ಭಾಗದ ಕೋಣೆಯ ಗೋಡೆಯಲ್ಲಿ ತಾನೇ ತಾನಾಗಿ ಮಿಡಿಯುವ ಜೀವಕೋಶಗಳ ಒಂದು ಚಿಕ್ಕ ಗುಂಪಿದೆ. ಮಿದುಳಿನಿಂದ ಬರುವ ನರಗಳ ಪ್ರಭಾವವನ್ನೆಲ್ಲ ತಡೆದರೆ ಅದು ತರುಣರಲ್ಲಿ ನಿಮಿಷಕ್ಕೆ ಸುಮಾರು 100 ಬಾರಿ, ನಲವತ್ತರ ವಯಸ್ಸಿನಲ್ಲಿ 90ರಿಂದ 95 ಬಾರಿ ಮಿಡಿಯುತ್ತದೆ. ಹಾಗಾದರೆ ನಮ್ಮ ನಾಡಿ 60, 70 ಎಂದು ಏಕೆ ಸಿಗುತ್ತದೆ? ಮಿದುಳಿನ ಬುಡದಿಂದ ಇಳಿದು ಬರುವ ವೇಗಸ್ ಎಂಬ ನರವು ಹೃದಯವನ್ನು ಸದಾ ಹಿಡಿದು ನಿಧಾನಗೊಳಿಸುತ್ತಿರುತ್ತದೆ. ಇಳಿಜಾರಿನಲ್ಲಿ ಸೈಕಲ್ಲಿನ ಬ್ರೇಕನ್ನು ಮೆಲ್ಲಗೆ ಹಿಡಿದೇ ಸಾಗುವಂತೆ ಎನ್ನೋಣ. 1921ರಲ್ಲಿ ಆಸ್ಟ್ರಿಯಾದ ಓಟ್ಟೋ ಲೋವಿ ಎಂಬ ವಿಜ್ಞಾನಿ ಕಪ್ಪೆಯ ಹೃದಯವೊಂದರ ವೇಗಸ್ ನರವನ್ನು ಪ್ರಚೋದಿಸಿ, ಆ ಹೃದಯವನ್ನು ತೋಯಿಸಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ನರದ ಸಂಪರ್ಕವೇ ಇಲ್ಲದ ಎರಡನೆಯ ಹೃದಯವೂ ನಿಧಾನವಾಯಿತು. ಬ್ರೇಕು ಒಂದು ರಾಸಾಯನಿಕ ವಸ್ತುವಿನ ಮೂಲಕ ಕೆಲಸ ಮಾಡುತ್ತದೆಂದು ಹೀಗೆ ತಿಳಿಯಿತು. ಅದೇ ಅಸಿಟೈಲ್‌ಕೋಲಿನ್. ಆದ್ದರಿಂದ ವಿಶ್ರಾಂತಿಯ ಬಡಿತ ಏರಿದೆ ಎಂದರೆ ಬಹುಮಟ್ಟಿಗೆ ಬ್ರೇಕು ಸಡಿಲಗೊಂಡಿದೆ ಎಂದೇ ಅರ್ಥ. ಅದರ ಜೊತೆಗೆ ಹೃದಯವನ್ನು ಓಡಿಸುವ ಸಿಂಪಥೆಟಿಕ್ ನರಗಳ ಒತ್ತಡವೂ ಸ್ವಲ್ಪ ಸೇರಿರಬಹುದು.

ಈ ಬ್ರೇಕು ಅತ್ಯಂತ ಗಟ್ಟಿಯಾಗಿ ಹಿಡಿಯುವುದು ಕನಸುಗಳಿಲ್ಲದ ಗಾಢನಿದ್ರೆಯಲ್ಲಿ. ನಿದ್ದೆ ಮೊಟಕಾದಾಗ ಅಥವಾ ಪದೇ ಪದೇ ಎಚ್ಚರವಾದಾಗ ಹೃದಯಕ್ಕೆ ದೊರೆಯಬೇಕಾದ ಈ ಬಿಡುವು ಮುರಿಯುತ್ತದೆ. ಪ್ರತಿಯೊಂದು ಸಣ್ಣ ಎಚ್ಚರವೂ, ಬೆಳಿಗ್ಗೆ ನಮಗೆ ನೆನಪೇ ಇರದಂಥದ್ದು ಕೂಡ, ಬಡಿತವನ್ನು ಕೆಲವು ಕ್ಷಣ ಮೇಲಕ್ಕೆ ಎತ್ತುತ್ತದೆ.

ಈಗ ಬಿರಿಯಾನಿಯ ವಿಷಯ. ಊಟವಾದ ಮೇಲೆ ಜಠರ ಮತ್ತು ಕರುಳುಗಳಿಗೆ ಹರಿಯುವ ರಕ್ತ ಇಮ್ಮಡಿಯೂ ಆಗಬಹುದು. ಇತರ ಅಂಗಗಳಿಗೆ ಕೊರತೆಯಾಗದಂತೆ ಅಷ್ಟು ರಕ್ತವನ್ನು ಒದಗಿಸಬೇಕಾದರೆ ಹೃದಯ ಹೆಚ್ಚು ರಕ್ತವನ್ನು ಪಂಪು ಮಾಡಲೇಬೇಕು. ಜೀರ್ಣಕ್ರಿಯೆಯಿಂದ ಶಾಖವೂ ಹುಟ್ಟುತ್ತದೆ. ರಾತ್ರಿ ದೇಹದ ಉಷ್ಣತೆ ಇಳಿಯಬೇಕಾದ ಹೊತ್ತಿನಲ್ಲಿ ಒಳಗೆ ಒಲೆ ಉರಿಯುತ್ತಿರುತ್ತದೆ. ಹಗುರವಾದ ಊಟ ಎರಡು ಮೂರು ಗಂಟೆಗಳಲ್ಲಿ ಜಠರವನ್ನು ಬಿಟ್ಟು ಮುಂದೆ ಸಾಗಿದರೆ, ತುಪ್ಪ, ಎಣ್ಣೆ, ಮಾಂಸ ಕೂಡಿದ ಊಟಕ್ಕೆ ನಾಲ್ಕೈದು ಗಂಟೆಗಳಾದರೂ ಬೇಕು. ಹನ್ನೊಂದಕ್ಕೆ ಉಂಡವನ ಜಠರ ಬೆಳಗಿನ ಜಾವ ಮೂರು ನಾಲ್ಕರವರೆಗೂ ದುಡಿಯುತ್ತಿತ್ತು. ಅದೇ ಊಟವನ್ನು ಮಧ್ಯಾಹ್ನ ಮಾಡಿದ್ದರೆ ಬಡಿತ ಆಗಲೂ ಏರುತ್ತಿತ್ತು. ಆದರೆ ಗಡಿಯಾರ ವಿಶ್ರಾಂತಿಯ ಲೆಕ್ಕಕ್ಕೆ ಅದನ್ನು ಹಿಡಿಯುತ್ತಿರಲಿಲ್ಲ.

ಮೂರನೆಯದು ಮದ್ಯ. ಅವನ ಇರುಳಿನಲ್ಲಿ ಅತಿ ದೊಡ್ಡ ಪಾಲು ಇದರದ್ದೇ ಎಂದು ನನ್ನ ಅಂದಾಜು. ಒಂದು ದೊಡ್ಡ ಪೆಗ್ ಎಂದರೆ 60 ಮಿ.ಲೀ.; ನಮ್ಮ ದೇಶದ ವಿಸ್ಕಿಯಲ್ಲಿ ಮದ್ಯಸಾರ ಶೇ. 42.8. ಅದರ ತೂಕ ಸುಮಾರು 20 ಗ್ರಾಂ. ಮೂರು ಪೆಗ್ಗಿಗೆ 60 ಗ್ರಾಂ. ಯಕೃತ್ತು ಗಂಟೆಗೆ ಸುಮಾರು 8 ಗ್ರಾಂ ಮಾತ್ರ ಕರಗಿಸಬಲ್ಲದು. ಅದನ್ನು ಅವಸರಪಡಿಸಲು ಕಾಫಿಯಿಂದಲೂ ಆಗದು, ತಣ್ಣೀರಿನ ಸ್ನಾನದಿಂದಲೂ ಆಗದು. 60ನ್ನು 8ರಿಂದ ಭಾಗಿಸಿದರೆ ಏಳೂವರೆ ಗಂಟೆ. ಒಂಬತ್ತಕ್ಕೆ ಆರಂಭಿಸಿದವನ ರಕ್ತ ಶುದ್ಧವಾದದ್ದು ನಾಲ್ಕೂವರೆಗೆ. ಅಲ್ಲಿಯವರೆಗೆ ಮದ್ಯ ವೇಗಸ್‌ನ ಹಿಡಿತವನ್ನು ಸಡಿಲಗೊಳಿಸುತ್ತಿತ್ತು, ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತಿತ್ತು, ಮೂತ್ರವನ್ನು ಹೆಚ್ಚಿಸಿ ದೇಹದ ನೀರನ್ನು ಹೊರಹಾಕುತ್ತಿತ್ತು. ರಕ್ತನಾಳಗಳು ಅಗಲವಾಗಿ, ಒಳಗಿನ ದ್ರವ ಕಡಿಮೆಯಾದಾಗ ರಕ್ತದ ಒತ್ತಡವನ್ನು ಕಾಯ್ದುಕೊಳ್ಳಲು ಹೃದಯ ವೇಗವಾಗಿ ಬಡಿಯಬೇಕಾಗುತ್ತದೆ. ಮದ್ಯ ಬೇಗ ನಿದ್ದೆ ಬರಿಸುತ್ತದೆಂಬುದು ನಿಜ. ಆದರೆ ಅದು ಇಳಿಯುವ ಹೊತ್ತಿಗೆ, ಅಂದರೆ ರಾತ್ರಿಯ ಉತ್ತರಾರ್ಧದಲ್ಲಿ, ನಿದ್ದೆಯನ್ನು ಚೂರುಚೂರು ಮಾಡುತ್ತದೆ.

ಅಂದರೆ ಅವನ ಹೃದಯಕ್ಕೆ ಆ ರಾತ್ರಿ ನಿಜವಾದ ಬಿಡುವು ಸಿಕ್ಕಿದ್ದು ನಾಲ್ಕೂವರೆಯಿಂದ ಆರರವರೆಗೆ ಮಾತ್ರ. ನಿಮಿಷಕ್ಕೆ 11 ಬಡಿತ ಹೆಚ್ಚೆಂದರೆ ಐದೂವರೆ ಗಂಟೆಯ ನಿದ್ದೆಯಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚಿನ ಬಡಿತಗಳಾದವು.

ಗಡಿಯಾರದ ರೇಖಾಚಿತ್ರವನ್ನು ಕಳುಹಿಸೆಂದೆ. ಸಾಮಾನ್ಯ ರಾತ್ರಿಗಳಲ್ಲಿ ಗೆರೆಯು ಜೋಕಾಲಿಯಂತೆ ನಡುವೆ ಇಳಿದು ಮತ್ತೆ ಏರಿತ್ತು. ಶನಿವಾರ ರಾತ್ರಿಯದು ಮಾತ್ರ ಬೆಟ್ಟದ ಇಳಿಜಾರಿನಂತೆ: 80ರ ಹತ್ತಿರ ಆರಂಭವಾಗಿ, ಇಳಿಯುತ್ತಾ ಇಳಿಯುತ್ತಾ, ಏಳುವ ಮುನ್ನ ಅತಿ ಕೆಳಕ್ಕೆ ಬಂದಿತ್ತು. ದೇಹಕ್ಕೆ ರಾತ್ರಿಯೆಲ್ಲ ಕೆಲಸವಿತ್ತು ಎಂಬುದರ ಗುರುತು ಇದು. ಬೆಳಗಿನ ಒಂದು ಅಂಕಿಗಿಂತ ಈ ಆಕಾರವೇ ಹೆಚ್ಚು ಹೇಳುತ್ತದೆ.

ಪ್ರಯೋಗಶಾಲೆಯಲ್ಲಿ ನಾವು ಮಾಡುತ್ತಿದ್ದಂತೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡು ಎಂದೆ. ಒಂದು ವಾರ ಎಂಟಕ್ಕೆ ಊಟ, ಹತ್ತೂವರೆಗೆ ನಿದ್ದೆ: 59ರಿಂದ 62. ಮದ್ಯವಿಲ್ಲದೆ, ಹನ್ನೊಂದಕ್ಕೆ ಭಾರೀ ಊಟ ಮಾಡಿದ ಒಂದು ರಾತ್ರಿ: 65. ಮೊದಲೇ ಉಂಡು ಎರಡರವರೆಗೆ ಕಚೇರಿಯ ಕೆಲಸ ಮಾಡಿದ ಒಂದು ರಾತ್ರಿ: 64. ಒಂದೊಂದು ರಾತ್ರಿಯಿಂದ ಸಿದ್ಧಾಂತ ಹುಟ್ಟದು. ಆದರೆ ಮೂರೂ ಕೂಡಿದಾಗ 71 ಏಕಾಯಿತೆಂದು ಅವನಿಗೆ ಅರ್ಥವಾಯಿತು.

ಗಡಿಯಾರವಿಲ್ಲದವರೂ ಇದನ್ನು ನೋಡಬಹುದು. ಬೆಳಿಗ್ಗೆ ಎಚ್ಚರವಾದೊಡನೆ, ಹಾಸಿಗೆ ಬಿಡುವ ಮುನ್ನ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿರಿ. ಎರಡು ವಾರ ಬರೆದಿಟ್ಟರೆ ನಿಮ್ಮ ಸಹಜ ಮಟ್ಟ ಸಿಗುತ್ತದೆ. ಹೋಲಿಕೆ ಅದರೊಡನೆ ಮಾತ್ರ, ನೆರೆಮನೆಯವರ ಅಂಕಿಯೊಡನೆ ಅಲ್ಲ. ಎರಡು ಮೂರು ಬಡಿತಗಳ ಏರಿಳಿತಕ್ಕೆ ಅರ್ಥ ಹುಡುಕಬೇಡಿ. ಬೀಟಾ ಬ್ಲಾಕರ್ ಜಾತಿಯ ಮಾತ್ರೆ ನುಂಗುವ ನನ್ನ ಓರಗೆಯವರಲ್ಲಿ ಈ ಏರಿಕೆ ಅಡಗಿಹೋಗಬಹುದು.

ಕೂಟದ ಬಡಿತ ಒಂದೆರಡು ದಿನಗಳಲ್ಲಿ ಇಳಿಯಬೇಕು. ಊಟ, ನಿದ್ದೆ ಸರಿಯಾಗಿದ್ದೂ ವಾರಗಟ್ಟಲೆ ಇಳಿಯದಿದ್ದರೆ ಜ್ವರ, ರಕ್ತಹೀನತೆ, ಥೈರಾಯ್ಡ್ ಮೊದಲಾದವನ್ನು ವೈದ್ಯರು ಪರೀಕ್ಷಿಸಬೇಕು. ಎಣಿಕೆಗಿಂತಲೂ ಲಯವನ್ನು ಗಮನಿಸಿರಿ. ಅತಿಯಾದ ಕುಡಿತದ ಬೆನ್ನಿಗೇ ಹೃದಯದ ಲಯ ತಪ್ಪುವುದಕ್ಕೆ 1978ರಿಂದ ವೈದ್ಯರು 'ಹಾಲಿಡೇ ಹಾರ್ಟ್' ಎಂದೇ ಹೆಸರಿಟ್ಟಿದ್ದಾರೆ. ಬೆರಳಿನ ಕೆಳಗೆ ನಾಡಿ ಅಡ್ಡಾದಿಡ್ಡಿಯಾಗಿ ಮಿಡಿದರೆ, ಸುಮ್ಮನೆ ಕುಳಿತಾಗಲೂ 100ನ್ನು ಮೀರಿಯೇ ಇದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಎದೆನೋವು, ಉಸಿರುಕಟ್ಟುವಿಕೆ, ತಲೆಸುತ್ತು ಬಂದರಂತೂ ರೇಖಾಚಿತ್ರ ನೋಡುತ್ತಾ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ನಮ್ಮ ಹುಡುಗ ಕಳೆದ ವಾರ ಹೃದ್ರೋಗ ತಜ್ಞರನ್ನು ಕಂಡು ಬಂದ. ತಂದೆಯ ಕಾಯಿಲೆಯ ವಿವರ ಹೇಳಿ, ಕೊಲೆಸ್ಟರಾಲ್ ಮತ್ತು ರಕ್ತದೊತ್ತಡಗಳನ್ನೂ ಪರೀಕ್ಷೆ ಮಾಡಿಸಿದ್ದಾನೆ. ಅವನ ವಂಶದ ಕಾಯಿಲೆಗೆ ಸಂಬಂಧಿಸಿದ ಅಂಕಿಗಳು ಅವೇ. ಗಡಿಯಾರ ಅವನ್ನು ತೋರಿಸುವುದಿಲ್ಲ.